ಮೂರು ಗೆದ್ದವನು ಏಳು ಗೆದ್ದವನನ್ನು ಹಿಂದಿಕ್ಕಿದ ಲೆಕ್ಕ

1960ರ ರೋಮ್ ಒಲಿಂಪಿಕ್ಸ್‌ನ ಡೆಕಾಥ್ಲಾನ್‌ನಲ್ಲಿ ಚಿನ್ನಕ್ಕಾಗಿ ಸೆಣಸಿದವರು ಇಬ್ಬರು ಗೆಳೆಯರು. ಒಬ್ಬ ಅಮೆರಿಕದ ರೇಫರ್ ಜಾನ್ಸನ್, ಇನ್ನೊಬ್ಬ ತೈವಾನ್‌ನ ಸಿ.ಕೆ. ಯಾಂಗ್. ಇಬ್ಬರೂ ಲಾಸ್ ಏಂಜಲೀಸ್‌ನ ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದವರು, ಡಕ್ಕಿ ಡ್ರೇಕ್ ಎಂಬ ಒಬ್ಬರೇ ಕೋಚ್ ಕೈಕೆಳಗೆ ಪಳಗಿದವರು. ಎರಡು ದಿನಗಳ ಹತ್ತು ಸ್ಪರ್ಧೆಗಳನ್ನು ಒಂದೊಂದಾಗಿ ನೋಡಿದರೆ ಯಾಂಗ್ ಏಳರಲ್ಲಿ ಜಾನ್ಸನ್‌ಗಿಂತ ಮುಂದಿದ್ದ. ನೂರು ಮೀಟರ್, ನಾನೂರು ಮೀಟರ್, ಹರ್ಡಲ್ಸ್, ಮೂರೂ ಬಗೆಯ ಜಿಗಿತ, ಕೊನೆಗೆ 1500 ಮೀಟರ್, ಎಲ್ಲವೂ ಅವನವೇ. ಜಾನ್ಸನ್ ಮೇಲುಗೈ ಪಡೆದದ್ದು ಗುಂಡು, ಡಿಸ್ಕಸ್, ಜಾವೆಲಿನ್ ಎಸೆತಗಳಲ್ಲಿ ಮಾತ್ರ. ಆದರೂ ಚಿನ್ನ ಹೋದದ್ದು ಜಾನ್ಸನ್ ಕೊರಳಿಗೆ. ಅವನಿಗೆ 8392 ಅಂಕ, ಯಾಂಗ್‌ಗೆ 8334.

ಏಳಕ್ಕೆ ಮೂರು ಎಂಬ ಈ ಲೆಕ್ಕ ಕೇಳಿದವರಿಗೆ ಮೊದಲು ಅನ್ಯಾಯ ಅನ್ನಿಸುವುದು ಸಹಜ. ಡೆಕಾಥ್ಲಾನ್‌ನಲ್ಲಿ ಸ್ಪರ್ಧೆಗಳನ್ನು ಗೆಲ್ಲುವುದಕ್ಕೆ ಬೆಲೆಯೇ ಇಲ್ಲ ಎಂಬುದು ತಿಳಿದ ಮೇಲೆ ಆ ಭಾವನೆ ಹೋಗುತ್ತದೆ. ಪಕ್ಕದ ಲೇನಿನವನಿಗಿಂತ ಮೊದಲು ಗುರಿ ಮುಟ್ಟಿದ್ದಕ್ಕೆ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ. ಗಡಿಯಾರ ಏನು ತೋರಿಸಿತು, ಅಳತೆ ಪಟ್ಟಿ ಏನು ಹೇಳಿತು ಎಂಬುದಷ್ಟೇ ಲೆಕ್ಕಕ್ಕೆ ಬರುವುದು. ಆ ಅಳತೆಯನ್ನು ಅಂಕವಾಗಿ ಬದಲಿಸುವುದು ಒಂದು ಕೋಷ್ಟಕ. ಹೀಗಾಗಿ ಎಷ್ಟು ಸ್ಪರ್ಧೆಗಳಲ್ಲಿ ಮುಂದಿದ್ದೀರಿ ಎಂಬುದಕ್ಕಿಂತ ಪ್ರತಿಯೊಂದರಲ್ಲೂ ಎಷ್ಟು ಮುಂದಿದ್ದೀರಿ ಎಂಬುದೇ ಮುಖ್ಯ.

ರೋಮ್‌ನ ಅಳತೆಗಳನ್ನು ಇಂದಿನ ಕೋಷ್ಟಕಕ್ಕೆ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟ. ಜಾನ್ಸನ್ ಗುಂಡನ್ನು 15.82 ಮೀಟರ್ ಎಸೆದ, ಯಾಂಗ್ 13.33. ಅಲ್ಲೇ 153 ಅಂಕಗಳ ಅಂತರ. ಡಿಸ್ಕಸ್‌ನಲ್ಲಿ 48.49 ಮೀಟರ್‌ಗೆ ಎದುರಾಗಿ 39.83; ಇನ್ನೊಂದು 178. ಜಾವೆಲಿನ್‌ನಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಸಮ, 24 ಅಂಕ ಅಷ್ಟೆ. ಮೂರೂ ಸೇರಿ 355. ಉಳಿದ ಏಳರಲ್ಲಿ ಯಾಂಗ್ ಮುಂದಿದ್ದದ್ದು ನಿಜ, ಆದರೆ ಎಷ್ಟು ಮುಂದೆ? ಎತ್ತರ ಜಿಗಿತದಲ್ಲಿ 5 ಸೆಂಟಿಮೀಟರ್, ಉದ್ದ ಜಿಗಿತದಲ್ಲಿ 11, ನಾನೂರು ಮೀಟರ್‌ನಲ್ಲಿ ಸೆಕೆಂಡಿನ ಹತ್ತರಲ್ಲಿ ಎರಡು ಭಾಗ. ಏಳರ ಲಾಭವನ್ನೆಲ್ಲ ಕೂಡಿದರೂ 275ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಂದಿನ ಕೋಷ್ಟಕದಲ್ಲೂ ಜಾನ್ಸನ್ನೇ ಗೆಲ್ಲುತ್ತಾನೆ, 7901ಕ್ಕೆ 7820.

ಕೊನೆಯ 1500 ಮೀಟರ್ ಓಟದ ಹೊತ್ತಿಗೆ ಜಾನ್ಸನ್ 67 ಅಂಕ ಮುಂದಿದ್ದ. ಅಂದಿನ ಕೋಷ್ಟಕದ ಪ್ರಕಾರ ಅದು ಸುಮಾರು ಹತ್ತು ಸೆಕೆಂಡುಗಳಿಗೆ ಸಮ. ಅಂದರೆ ಯಾಂಗ್ ಬರೀ ಗೆದ್ದರೆ ಸಾಲದು, ಹತ್ತು ಸೆಕೆಂಡ್ ಮುಂಚಿತವಾಗಿ ಗೆಲ್ಲಬೇಕಿತ್ತು. ಜಾನ್ಸನ್‌ಗೆ ಮುಂದೆ ಓಡುವ ಅಗತ್ಯವೇ ಇರಲಿಲ್ಲ. ಗೆಳೆಯನ ಬೆನ್ನಿಗೆ ಅಂಟಿಕೊಂಡಿದ್ದರೆ ಸಾಕಿತ್ತು. ಹಾಗೆಯೇ ಮಾಡಿದ. ಯಾಂಗ್ ಗುರಿ ಮುಟ್ಟಿದ 1.2 ಸೆಕೆಂಡಿನೊಳಗೆ ಅವನೂ ಮುಟ್ಟಿದ. ಆ ಓಟ ಗೆದ್ದ ಯಾಂಗ್ ಚಿನ್ನ ಸೋತ.

ಈ ಕೋಷ್ಟಕ ಕೆಲಸ ಮಾಡುವ ಬಗೆಯನ್ನು ತಿಳಿಯಲು ನಮ್ಮ ದೇಶದ್ದೇ ಒಂದು ಅಂಕಪಟ್ಟಿ ಒಳ್ಳೆಯ ಉದಾಹರಣೆ. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತೇಜಸ್ವಿನ್ ಶಂಕರ್ 7666 ಅಂಕಗಳೊಂದಿಗೆ ಡೆಕಾಥ್ಲಾನ್ ಬೆಳ್ಳಿ ಗೆದ್ದರು. ಅದು ಆಗ ಹೊಸ ರಾಷ್ಟ್ರೀಯ ದಾಖಲೆ. 1974ರ ಬಳಿಕ ಏಷ್ಯನ್ ಗೇಮ್ಸ್‌ನ ಈ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಪದಕವೂ ಹೌದು. ತೇಜಸ್ವಿನ್ ಮೂಲತಃ ಎತ್ತರ ಜಿಗಿತಗಾರ. ಹಿಂದಿನ ವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಎತ್ತರ ಜಿಗಿತದ ಕಂಚು ಪಡೆದಿದ್ದವರು. ಹಾಂಗ್‌ಝೌನಲ್ಲಿ ಡೆಕಾಥ್ಲಾನ್‌ನ ನಡುವೆ ಅವರು ಹಾರಿದ್ದು 2.21 ಮೀಟರ್. ಮರುದಿನ ಪೋಲ್ ವಾಲ್ಟ್‌ನಲ್ಲಿ ದಾಟಿದ್ದು 4.10 ಮೀಟರ್. ಮೊದಲನೆಯದು ಯಾವ ಡೆಕಾಥ್ಲಾನ್‌ನಲ್ಲೂ ಕಣ್ಣರಳಿಸುವಂಥದ್ದು. ಎರಡನೆಯದು ಅರುವತ್ತು ವರ್ಷಗಳ ಹಿಂದೆ, ಗಡುಸಾದ ಲೋಹದ ಕೋಲಿನ ಕಾಲದಲ್ಲಿ ಜಾನ್ಸನ್ ರೋಮ್‌ನಲ್ಲಿ ದಾಟಿದಷ್ಟೇ ಎತ್ತರ.

ಇವೆರಡೂ ಅಂಕಗಳಾಗುವುದು ಹೇಗೆ? 1985ರಿಂದ ಬಳಕೆಯಲ್ಲಿರುವ ಕೋಷ್ಟಕದ ಹಿಂದೆ ಎರಡೇ ಸೂತ್ರಗಳಿವೆ. ಮೊದಲನೆಯದು ಓಟಗಳಿಗೆ, ಎರಡನೆಯದು ಜಿಗಿತ ಮತ್ತು ಎಸೆತಗಳಿಗೆ.

```
P = A × (B − T)^C
P = A × (M − B)^C
```

T ಅಂದರೆ ಸೆಕೆಂಡುಗಳಲ್ಲಿ ಸಮಯ, M ಅಂದರೆ ಅಳತೆ. A, B, C ಪ್ರತಿ ಸ್ಪರ್ಧೆಗೂ ಬೇರೆಬೇರೆ. ಇವುಗಳಲ್ಲಿ B ಅರ್ಥವಾಗುವುದು ಸುಲಭ. ಅಂಕ ಸೊನ್ನೆಯಾಗುವ ಜಾಗ ಅದು. ಎತ್ತರ ಜಿಗಿತಕ್ಕೆ ಅದು 75 ಸೆಂಟಿಮೀಟರ್, ಪೋಲ್ ವಾಲ್ಟ್‌ಗೆ ಒಂದು ಮೀಟರ್, ನೂರು ಮೀಟರ್ ಓಟಕ್ಕೆ 18 ಸೆಕೆಂಡ್, 1500 ಮೀಟರ್‌ಗೆ ಎಂಟು ನಿಮಿಷ. ಶಾಲೆಯ ಹುಡುಗರೂ ದಾಟಬಲ್ಲ ಮಟ್ಟ. ಅಂಕ ಎಣಿಸುವುದು ಅಲ್ಲಿಂದ ಮೇಲಕ್ಕೆ.

ತೇಜಸ್ವಿನ್ ಅವರ 221 ಸೆಂಟಿಮೀಟರಿನಲ್ಲಿ 75 ಕಳೆದರೆ 146. ಎತ್ತರ ಜಿಗಿತದ C ಬೆಲೆ 1.42, 146ನ್ನು ಆ ಘಾತಕ್ಕೆ ಏರಿಸಿದರೆ ಸುಮಾರು 1184. ಅದನ್ನು A, ಅಂದರೆ 0.8465ರಿಂದ ಗುಣಿಸಿದರೆ 1002.3 ಬರುತ್ತದೆ. ದಶಮಾಂಶವನ್ನು ಕಿತ್ತು ಹಾಕಿ 1002 ಅಂಕ ಕೊಡುತ್ತಾರೆ. ಪೋಲ್ ವಾಲ್ಟ್‌ನಲ್ಲಿ 410ರಿಂದ 100 ಕಳೆದರೆ 310, ಅದರ ಘಾತ 1.35, ಗುಣಿಸಬೇಕಾದದ್ದು 0.2797. ಉತ್ತರ 645.7. ಇಲ್ಲಿ ಮೇಲಕ್ಕೆ ಹೊಂದಿಸುವ ಔದಾರ್ಯ ಇಲ್ಲ, ಸಿಕ್ಕಿದ್ದು 645. ಮನೆಯಲ್ಲಿ ಲೆಕ್ಕ ಹಾಕಿ ನೋಡುವವರಿಗೆ ಒಂದು ಎಚ್ಚರಿಕೆ: ಜಿಗಿತಗಳನ್ನು ಸೆಂಟಿಮೀಟರಿನಲ್ಲಿ, ಎಸೆತಗಳನ್ನು ಮೀಟರಿನಲ್ಲಿ ಹಾಕಬೇಕು. 221ರ ಬದಲು 2.21 ಎಂದು ಕೊಟ್ಟರೆ ಕ್ಯಾಲ್ಕುಲೇಟರ್ ಮುನಿಸಿಕೊಳ್ಳುತ್ತದೆ.

ಅವರ ಹತ್ತೂ ಅಂಕಗಳನ್ನು ಸರಾಸರಿಯ ಎದುರಿಗಿಟ್ಟು ನೋಡೋಣ. 7666ನ್ನು ಹತ್ತರಿಂದ ಭಾಗಿಸಿದರೆ ಸ್ಪರ್ಧೆಯೊಂದಕ್ಕೆ ಸುಮಾರು 767. ನೂರು ಮೀಟರ್‌ಗೆ 834, ಉದ್ದ ಜಿಗಿತಕ್ಕೆ 903, ಎತ್ತರ ಜಿಗಿತಕ್ಕೆ 1002, ನಾನೂರು ಮೀಟರ್‌ಗೆ 830, ಹರ್ಡಲ್ಸ್‌ಗೆ 876. ಈ ಐದೂ ಸರಾಸರಿಗಿಂತ ಮೇಲೆ. ಗುಂಡು ಎಸೆತಕ್ಕೆ 691, ಡಿಸ್ಕಸ್‌ಗೆ 650, ಪೋಲ್ ವಾಲ್ಟ್‌ಗೆ 645, 1500 ಮೀಟರ್‌ಗೆ 629, ಜಾವೆಲಿನ್‌ಗೆ 606. ಈ ಐದೂ ಕೆಳಗೆ. ಮೇಲಿನ ಐದರಲ್ಲಿ 612 ಅಂಕಗಳ ಹೆಚ್ಚಳ, ಕೆಳಗಿನ ಐದರಲ್ಲಿ ಅಷ್ಟೇ ಕೊರತೆ. ಸರಾಸರಿ ಎಂದಮೇಲೆ ಎರಡೂ ಸಮನಾಗಲೇಬೇಕು, ಅದರಲ್ಲಿ ಚಮತ್ಕಾರವೇನೂ ಇಲ್ಲ. ಆ 612 ಒಂದೇ ಕಡೆಯಿಂದ ಬಂದಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಎಲ್ಲರೂ ಕೊಂಡಾಡಿದ ಎತ್ತರ ಜಿಗಿತ ತಂದದ್ದು 235. ಮಿಕ್ಕದ್ದನ್ನು ಕೂಡಿಸಿದ್ದು ವೇಗದ ಕಾಲುಗಳು. ಪೋಲ್ ವಾಲ್ಟ್ ಮತ್ತು ಜಾವೆಲಿನ್ ಎರಡೇ ಸೇರಿ ಹೆಚ್ಚುಕಡಿಮೆ 282 ಅಂಕ ಹಿಂದೆಳೆದಿವೆ. ಎತ್ತರ ಜಿಗಿತವೊಂದೇ ಆ ಎರಡರ ಸಾಲವನ್ನೂ ತೀರಿಸಲಾರದಾಗಿತ್ತು.

ಶಾಲೆಯ ಪರೀಕ್ಷೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟರೆ ಸಮಾಜ ವಿಜ್ಞಾನದ ನೂರಕ್ಕೆ ನೂರು ಬಂದು ಪಾಸು ಮಾಡಿಸುವುದಿಲ್ಲ. ಡೆಕಾಥ್ಲಾನ್‌ನಲ್ಲಿ ಒಂದೊಂದು ಸ್ಪರ್ಧೆಗೂ ಪಾಸ್ ಮಾರ್ಕು ಎಂಬುದಿಲ್ಲ. ಎಲ್ಲ ಅಂಕವೂ ಒಂದೇ ಡಬ್ಬಿಗೆ ಬೀಳುತ್ತದೆ, ಡಬ್ಬಿಗೆ ಬಿದ್ದ ಮೇಲೆ ಯಾವುದು ಯಾವ ಸ್ಪರ್ಧೆಯದೆಂದು ಯಾರೂ ಕೇಳುವುದಿಲ್ಲ.

ಅದಕ್ಕೇ ಡೆಕಾಥ್ಲಾನ್ ಕೋಚ್‌ಗಳು ಅಭ್ಯಾಸದ ಯೋಜನೆಯನ್ನು ವ್ಯಾಪಾರಿಯ ಕಣ್ಣಿನಿಂದ ನೋಡುತ್ತಾರೆ. ತೇಜಸ್ವಿನ್ ಅವರ ಮಟ್ಟದಲ್ಲಿ ಸುಮಾರು 30 ಅಂಕ ಬೇಕಾದರೆ ಎತ್ತರ ಜಿಗಿತದಲ್ಲಿ 3 ಸೆಂಟಿಮೀಟರ್ ಹೆಚ್ಚಿಸಬೇಕು, ಪೋಲ್ ವಾಲ್ಟ್‌ನಲ್ಲಾದರೆ 10 ಅಥವಾ 11. ಜಾವೆಲಿನ್‌ನಲ್ಲಿ ಎರಡು ಮೀಟರ್, ಗುಂಡು ಎಸೆತದಲ್ಲಿ ಅರ್ಧ ಮೀಟರ್, 1500 ಮೀಟರ್ ಓಟದಲ್ಲಿ ಐದು ಸೆಕೆಂಡ್. ಈ ದರಗಳಲ್ಲಿ ಯಾವುದು ಅಗ್ಗ ಎಂಬುದು ಅಥ್ಲೀಟಿನ ದೇಹವನ್ನೂ ಅವನ ಈಗಿನ ಮಟ್ಟವನ್ನೂ ಅವಲಂಬಿಸಿದೆ. 2.21 ಹಾರುವವನಿಗೆ ಇನ್ನೂ ಮೂರು ಸೆಂಟಿಮೀಟರ್ ಎಂದರೆ ವರ್ಷಗಟ್ಟಲೆ ದುಡಿಮೆ. ಪೋಲ್ ವಾಲ್ಟ್‌ನಲ್ಲಿ 4.10 ದಾಟುವವನು ಕೋಲನ್ನು ನೆಡುವ ರೀತಿ, ಹಿಡಿತದ ಎತ್ತರ, ಓಟದ ಹೆಜ್ಜೆಗಳನ್ನು ತಿದ್ದಿಕೊಂಡರೆ ಹತ್ತು ಸೆಂಟಿಮೀಟರ್ ಸುಲಭವಾಗಿಯೇ ಬರಬಹುದು.

ಇನ್ನೂ ಸ್ವಲ್ಪ ಮುಂದೆ ಹೋಗೋಣ. ಪೋಲ್ ವಾಲ್ಟ್ 4.10ರಿಂದ 4.60ಕ್ಕೆ ಏರಿದರೆ 645 ಇದ್ದದ್ದು 790 ಆಗುತ್ತದೆ, 145 ಅಂಕ ಹೆಚ್ಚು. ಇದೇ 145 ಎತ್ತರ ಜಿಗಿತದಿಂದ ಬರಬೇಕಾದರೆ ಅವರು 2.36 ಮೀಟರ್ ಹಾರಬೇಕು. ಅವರದೇ ಹೆಸರಿನಲ್ಲಿರುವ ರಾಷ್ಟ್ರೀಯ ದಾಖಲೆ 2.29. ಅಂದರೆ ಎತ್ತರ ಜಿಗಿತಕ್ಕೇ ಜೀವ ತೇಯುವವರಿಗೂ ಕಷ್ಟವಾದ ಎತ್ತರವನ್ನು, ಇನ್ನೂ ಒಂಬತ್ತು ಸ್ಪರ್ಧೆಗಳ ನಡುವೆ ಮುಟ್ಟಬೇಕು. ಬಲವಾದ ಸ್ಪರ್ಧೆ ಈಗಾಗಲೇ ಕೊರತೆಯನ್ನು ತುಂಬಿಕೊಟ್ಟಿದೆ ಎಂಬುದು ನಿಜ, ಆದರೆ ಮುಂದಿನ ಅಂಕಗಳು ಅಡಗಿರುವುದು ದುರ್ಬಲ ಸ್ಪರ್ಧೆಯಲ್ಲೇ. ಹೊಸಬರು ತಮಗೆ ಚೆನ್ನಾಗಿ ಬರುವುದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡುತ್ತ ಎಡವುವುದು ಇಲ್ಲಿ ಎಂದು ನನ್ನ ಎಣಿಕೆ.

ಹಾಂಗ್‌ಝೌನಲ್ಲಿ ಇಂಥ ಸಣ್ಣ ಅಂಕಗಳು ಎಷ್ಟು ಮುಖ್ಯವಾದವು ನೋಡಿ. ಭರತಿಂದರ್ ಸಿಂಗ್ ಹೆಸರಿನಲ್ಲಿದ್ದ ಹಳೆಯ ರಾಷ್ಟ್ರೀಯ ದಾಖಲೆ 7658. ತೇಜಸ್ವಿನ್ ಅದನ್ನು ಮೀರಿದ್ದು ಎಂಟೇ ಅಂಕಗಳಿಂದ. 1500 ಮೀಟರನ್ನು ಅವರು ಓಡಿದ್ದು 4 ನಿಮಿಷ 48.32 ಸೆಕೆಂಡುಗಳಲ್ಲಿ. ಆ ಓಟದಲ್ಲಿ ಸೆಕೆಂಡಿಗೆ ಸುಮಾರು ಆರು ಅಂಕ. ಒಂದೂಕಾಲು ಸೆಕೆಂಡ್ ತಡವಾಗಿದ್ದರೆ ಬೆಳ್ಳಿಯ ಜೊತೆಗೆ ಹೊಸ ದಾಖಲೆ ಬರುತ್ತಿರಲಿಲ್ಲ.

ಇನ್ನು ಆ C ಎಂಬ ಘಾತದ ವಿಷಯ. ಇಡೀ ಕೋಷ್ಟಕದ ಗುಣ ಅಡಗಿರುವುದು ಅದರಲ್ಲೇ. C ಬೆಲೆ 1 ಆಗಿದ್ದರೆ ಪ್ರತಿ ಸೆಂಟಿಮೀಟರಿಗೂ ಒಂದೇ ಬೆಲೆ. ಒಂದಕ್ಕಿಂತ ಹೆಚ್ಚಾದರೆ ಮೇಲೆ ಹೋದಂತೆ ಬೆಲೆ ಏರುತ್ತದೆ. ಎತ್ತರ ಜಿಗಿತದಲ್ಲಿ 1.80ರಿಂದ 1.83ಕ್ಕೆ ಏರಿದವನಿಗೆ 26 ಅಂಕ ಸಿಕ್ಕರೆ 2.21ರಿಂದ 2.24ಕ್ಕೆ ಏರಿದವನಿಗೆ 29. ನೂರು ಮೀಟರನ್ನು 12 ಸೆಕೆಂಡಿನಲ್ಲಿ ಓಡುವವನು ಹತ್ತನೇ ಒಂದು ಸೆಕೆಂಡ್ ಉಳಿಸಿದರೆ 20 ಅಂಕ, 10.5ರಲ್ಲಿ ಓಡುವವನು ಅಷ್ಟೇ ಉಳಿಸಿದರೆ 24. ಮೇಲಿನ ಮಟ್ಟದಲ್ಲಿ ಮುನ್ನಡೆಯುವುದು ಹೆಚ್ಚು ಕಷ್ಟ ಎಂಬುದಕ್ಕೆ ಕೋಷ್ಟಕ ಕೊಡುವ ಮರ್ಯಾದೆ ಇದು. ಈ ಮರ್ಯಾದೆ ಹದವಾಗಿರುವುದರಿಂದಲೇ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆ ತುಂಬಿಸಿಕೊಳ್ಳಲು ಸಾಧ್ಯವಾಗಿದೆ. ಹದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನೋಡಲು ಮತ್ತೆ ಸಿ.ಕೆ. ಯಾಂಗ್ ಕಡೆಗೇ ಹೋಗಬೇಕು.

ರೋಮ್‌ನಲ್ಲಿ ಸೋತ ಮೂರು ವರ್ಷಗಳ ಮೇಲೆ, 1963ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಯಾಂಗ್ 9121 ಅಂಕ ಗಳಿಸಿ ವಿಶ್ವದಾಖಲೆ ಮಾಡಿದ. ಅಷ್ಟು ಹೊತ್ತಿಗೆ ಬಾಗುವ ಫೈಬರ್‌ಗ್ಲಾಸ್ ಕೋಲುಗಳು ಬಂದಿದ್ದವು, ಯಾಂಗ್ ಅವುಗಳನ್ನು ಚೆನ್ನಾಗಿ ಪಳಗಿಸಿಕೊಂಡಿದ್ದ. ಅಂದು ಅವನು ಪೋಲ್ ವಾಲ್ಟ್‌ನಲ್ಲಿ ದಾಟಿದ್ದು 4.84 ಮೀಟರ್. ಅಂದಿನ ಕೋಷ್ಟಕ ಮೇಲ್ಮಟ್ಟದಲ್ಲಿ ಬಹಳ ಕಡಿದಾಗಿ ಏರುತ್ತಿತ್ತು. ಗಡುಸು ಕೋಲಿನ ಕಾಲದ ಎತ್ತರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದ ಆ ಕೋಷ್ಟಕ ಯಾಂಗ್‌ನ ಎತ್ತರ ಬರುವ ಮೊದಲೇ ಮುಗಿದುಹೋಗಿತ್ತು. ಲೆಕ್ಕ ಬೆಳೆಸಿ ಅವನಿಗೆ ಕೊಟ್ಟ ಅಂಕ 1515. ಇದೇ 4.84ಕ್ಕೆ ಇಂದಿನ ಕೋಷ್ಟಕ ಕೊಡುವುದು 862.

ಒಂದೇ ಸ್ಪರ್ಧೆಯಿಂದ 1515 ಸಿಗುವುದಾದರೆ ಬೇರೆ ಎರಡು ಸ್ಪರ್ಧೆಗಳಲ್ಲಿ ಕಳಪೆಯಾಗಿದ್ದರೂ ನಡೆಯುತ್ತದೆ. ಅದು ಹತ್ತು ಸ್ಪರ್ಧೆಗಳ ಆಟ ಅನ್ನಿಸಿಕೊಳ್ಳುವುದಿಲ್ಲ. ಅಂತರರಾಷ್ಟ್ರೀಯ ಒಕ್ಕೂಟ ಆ ಹೊತ್ತಿಗಾಗಲೇ ಸಿದ್ಧಪಡಿಸಿದ್ದ ಹೊಸ ಕೋಷ್ಟಕ 1964ರ ಟೋಕಿಯೊ ಒಲಿಂಪಿಕ್ಸ್ ವೇಳೆಗೆ ಬಳಕೆಗೆ ಬಂತು. ಅದರ ಪ್ರಕಾರ ಯಾಂಗ್‌ನ ದಾಖಲೆ ಸುಮಾರು ಸಾವಿರ ಅಂಕ ಇಳಿಯಿತು. ಬೇರೆಯವರ ಹಳೆಯ ಅಂಕಗಳೂ ಇಳಿದವು, ಆದರೆ ಎಲ್ಲರಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಅವನಿಗೆ. ಚಿನ್ನದ ನೆಚ್ಚಿನ ಸ್ಪರ್ಧಿಯಾಗಿದ್ದವನು ಟೋಕಿಯೊದಲ್ಲಿ ಐದನೆಯವನಾದ. ಯಾಂಗ್ ಬಗ್ಗೆ ನನಗೆ ಮರುಕವಿದೆ, ಆದರೆ ಕೋಷ್ಟಕ ಬದಲಿಸಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಕೋಷ್ಟಕ ಬದಲಾದಾಗ ಲಾಭ ಮಾಡಿಕೊಂಡವರೂ ಇದ್ದಾರೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಡೇಲಿ ಥಾಂಪ್ಸನ್, ಪಶ್ಚಿಮ ಜರ್ಮನಿಯ ಯೂರ್ಗನ್ ಹಿಂಗ್‌ಸೆನ್ ಹೆಸರಿನಲ್ಲಿದ್ದ ವಿಶ್ವದಾಖಲೆಗೆ ಒಂದೇ ಒಂದು ಅಂಕ ಕಡಿಮೆ ಗಳಿಸಿದ. ಮುಂದೆ ಹರ್ಡಲ್ಸ್‌ನ ಫೋಟೊ ಫಿನಿಷ್ ಮರುಪರಿಶೀಲಿಸಿದಾಗ ಸಮಯ 14.34 ಅಲ್ಲ, 14.33 ಎಂದು ಗೊತ್ತಾಗಿ ದಾಖಲೆ ಸಮವಾಯಿತು. ಆಮೇಲೆ 1985ರ ಕೋಷ್ಟಕ ಬಂತು. ಥಾಂಪ್ಸನ್‌ನ ಅದೇ ಹತ್ತು ಅಳತೆಗಳಿಗೆ 8847, ಹಿಂಗ್‌ಸೆನ್‌ಗೆ 8832. ಬೂಟು ಕಟ್ಟದೆಯೇ ಥಾಂಪ್ಸನ್ ಒಬ್ಬನೇ ದಾಖಲೆಯ ಒಡೆಯನಾದ.

ಇಂದಿನ ಕೋಷ್ಟಕ ಎಷ್ಟು ಹದವಾಗಿದೆ ಎಂದು ಅಳೆಯಲು ಎತ್ತರ ಜಿಗಿತದ ವಿಶ್ವದಾಖಲೆಯನ್ನೇ ತೆಗೆದುಕೊಳ್ಳಿ. ಕ್ಯೂಬಾದ ಹಾವಿಯರ್ ಸೊಟೊಮಾಯೋರ್ 1993ರಲ್ಲಿ ಹಾರಿದ 2.45 ಮೀಟರನ್ನು ಇಂದಿಗೂ ಯಾರೂ ಮೀರಿಲ್ಲ. ಅದಕ್ಕೆ ಡೆಕಾಥ್ಲಾನ್ ಕೋಷ್ಟಕ ಕೊಡುವುದು 1244. ಮನುಷ್ಯರಲ್ಲೇ ಅತಿ ಎತ್ತರ ಹಾರಿದವನು ಬಂದು ತೇಜಸ್ವಿನ್ ಜಾಗದಲ್ಲಿ ನಿಂತರೂ ಹೆಚ್ಚೆಂದರೆ 242 ಅಂಕ ಹೆಚ್ಚು ತರುತ್ತಾನೆ, ಅಷ್ಟೆ. ಮೇಲ್ಗಡೆ ಚಾವಣಿ ಇದೆ. ಒಂದು ಸ್ಪರ್ಧೆಯ ಅತಿಶಯದಿಂದ ಇನ್ನೊಂದರ ಕುಸಿತವನ್ನು ತುಂಬಿಸಲು ಹೊರಟವನು ಆ ಚಾವಣಿಗೆ ತಲೆ ತಾಗಿಸಿಕೊಳ್ಳುತ್ತಾನೆ. ಕೆಳಗಡೆ ಅಂಥ ತಡೆ ಏನೂ ಇಲ್ಲ, ಸೊನ್ನೆಯವರೆಗೂ ಬೀಳಬಹುದು.

ಅದರಿಂದಲೇ ಕೊರತೆ ತುಂಬುವ ಕೆಲಸ ಒಂದು ಸ್ಪರ್ಧೆಯಿಂದ ಆಗುವುದಿಲ್ಲ, ನಾಲ್ಕೈದು ಸ್ಪರ್ಧೆಗಳಿಂದ ಆಗುತ್ತದೆ. ಇದುವರೆಗಿನ ಅತಿ ಹೆಚ್ಚು ಅಂಕ ಫ್ರಾನ್ಸಿನ ಕೆವಿನ್ ಮೇಯರ್ 2018ರಲ್ಲಿ ಗಳಿಸಿದ 9126. ಅವನು ಮುರಿದದ್ದು ಅಮೆರಿಕದ ಆಷ್ಟನ್ ಈಟನ್ 2015ರಲ್ಲಿ ಗಳಿಸಿದ್ದ 9045 ಅಂಕಗಳ ದಾಖಲೆಯನ್ನು. ಎರಡು ಅಂಕಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಈಟನ್ ಐದರಲ್ಲಿ ಮುಂದೆ, ಮೇಯರ್ ಐದರಲ್ಲಿ. ಈಟನ್ ಓಟಗಾರ. ನಾಲ್ಕು ಓಟ ಮತ್ತು ಉದ್ದ ಜಿಗಿತದಿಂದ ಅವನಿಗೆ ಸರಿಯಾಗಿ 400 ಅಂಕ ಹೆಚ್ಚು. ನಾನೂರು ಮೀಟರನ್ನು 45.00 ಸೆಕೆಂಡಿನಲ್ಲಿ ಮುಗಿಸಿ ಅಲ್ಲೊಂದರಲ್ಲೇ 171 ಅಂಕ ಮುಂದೆ ಹೋಗಿದ್ದ. ಮೇಯರ್‌ಗೆ ಅಂಥ ಒಂದು ದೊಡ್ಡ ನೆಗೆತ ಎಲ್ಲೂ ಇಲ್ಲ. ಮೂರು ಎಸೆತ, ಎತ್ತರ ಜಿಗಿತ, ಪೋಲ್ ವಾಲ್ಟ್‌ಗಳಲ್ಲಿ 37ರಿಂದ 149ರವರೆಗೆ ಅಷ್ಟಷ್ಟೇ ಕೂಡಿಸಿ 481 ಮಾಡಿಕೊಂಡ. 1500 ಮೀಟರ್‌ನಲ್ಲಿ ಅವನಿಗೆ ಬಂದದ್ದು 705 ಮಾತ್ರ, ಅವನ ಹತ್ತರಲ್ಲಿ ಅತಿ ಕಡಿಮೆ. ವಿಶ್ವದಾಖಲೆಯೊಳಗೂ ಹೀಗೆ ಒಂದು ದುರ್ಬಲ ಸ್ಪರ್ಧೆ ಕೂತಿದೆ.

ಇಲ್ಲಿ ಕೋಷ್ಟಕದ ಮೇಲಿರುವ ಒಂದು ಹಳೆಯ ದೂರನ್ನೂ ಹೇಳಬೇಕು. ನೂರು ಮೀಟರ್, ನಾನೂರು ಮೀಟರ್, ಹರ್ಡಲ್ಸ್, ಉದ್ದ ಜಿಗಿತ ಈ ನಾಲ್ಕಕ್ಕೂ ಬೇಕಾದದ್ದು ವೇಗವೇ. ವೇಗವಿರುವವನಿಗೆ ಒಂದೇ ಬಂಡವಾಳದ ಮೇಲೆ ನಾಲ್ಕು ಕಡೆ ಬಡ್ಡಿ. ಎಸೆತಗಾರನ ತೋಳಿಗೆ ಮೂರು ಕಡೆ, ಅದೂ ಜಾವೆಲಿನ್‌ನ ತಂತ್ರವೇ ಬೇರೆ. ದೀರ್ಘ ಓಟದ ದಮ್ಮಿಗಂತೂ 1500 ಒಂದೇ. ಈ ವಾಲಿಕೆ ಹತ್ತು ಸ್ಪರ್ಧೆಗಳ ಆಯ್ಕೆಯಲ್ಲೇ ಇರುವುದರಿಂದ A, B, Cಗಳನ್ನು ಎಷ್ಟು ತಿದ್ದಿದರೂ ಪೂರ್ತಿ ಹೋಗುವಂಥದ್ದಲ್ಲ. ಮಹಿಳೆಯರ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ಗೂ ಇದೇ ಎರಡು ಸೂತ್ರಗಳು, ಅಂಕಿಗಳು ಮಾತ್ರ ಬೇರೆ. ಧಾರವಾಡ ಸೀಮೆಯ ಜೆ.ಜೆ. ಶೋಭಾ, ಕೊಡಗಿನ ಪ್ರಮೀಳಾ ಅಯ್ಯಪ್ಪ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದದ್ದು ಅಂಥದೇ ಕೂಡು ಲೆಕ್ಕದಲ್ಲಿ.

ಹಾಗಾದರೆ ಎಂಥ ದೌರ್ಬಲ್ಯವನ್ನಾದರೂ ತುಂಬಿಕೊಳ್ಳಬಹುದೇ? ಇಲ್ಲ. ದುರ್ಬಲ ಅಳತೆ ಬೇರೆ, ಅಳತೆಯೇ ಇಲ್ಲದಿರುವುದು ಬೇರೆ. ಉದ್ದ ಜಿಗಿತದಲ್ಲೂ ಎಸೆತಗಳಲ್ಲೂ ಮೂರು ಅವಕಾಶ ಮಾತ್ರ. ಮೂರೂ ಫೌಲ್ ಆದರೆ ಸೊನ್ನೆ. ಎತ್ತರ ಜಿಗಿತ, ಪೋಲ್ ವಾಲ್ಟ್‌ಗಳಲ್ಲಿ ಮೊದಲು ಆಯ್ದುಕೊಂಡ ಎತ್ತರವನ್ನೇ ಮೂರು ಬಾರಿ ಬೀಳಿಸಿದರೂ ಸೊನ್ನೆ. ಸೊನ್ನೆ ಬಂದವನು ಬೇಕಾದರೆ ಮುಂದುವರಿಯಬಹುದು. ಆದರೆ ಎಂಟುನೂರು, ಒಂಬೈನೂರು ಅಂಕಗಳ ಹಳ್ಳವನ್ನು ಮುಚ್ಚುವಷ್ಟು ಮಣ್ಣು ಉಳಿದ ಒಂಬತ್ತರಲ್ಲಿ ಎಲ್ಲಿಯೂ ಇಲ್ಲ.

1992ರಲ್ಲಿ ಅಮೆರಿಕದ ಡ್ಯಾನ್ ಓಬ್ರಿಯನ್ ಒಲಿಂಪಿಕ್ ತಂಡದ ಆಯ್ಕೆ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಬಹಳ ಮುಂದಿದ್ದ. ಪೋಲ್ ವಾಲ್ಟ್‌ನಲ್ಲಿ ಕೆಳಗಿನ ಎತ್ತರಗಳನ್ನೆಲ್ಲ ಬಿಟ್ಟುಕೊಟ್ಟು 4.80 ಮೀಟರಿಗೆ ಕೋಲು ಹಿಡಿದ. ಮೂರು ಸಲವೂ ಆಗಲಿಲ್ಲ. ಬಾರ್ಸಿಲೋನಾ ಕೈತಪ್ಪಿತು. ಅದೇ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಟಾಲೆನ್ಸ್ ಎಂಬ ಪಟ್ಟಣದಲ್ಲಿ 8891 ಅಂಕ ಗಳಿಸಿ ವಿಶ್ವದಾಖಲೆ ಮಾಡಿದ. ಇಪ್ಪತ್ತಾರು ವರ್ಷಗಳ ನಂತರ ಇದೇ ಕಥೆ ಮರುಕಳಿಸಿತು. 2018ರ ಆಗಸ್ಟ್‌ನಲ್ಲಿ ಬರ್ಲಿನ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕೆವಿನ್ ಮೇಯರ್ ಉದ್ದ ಜಿಗಿತದ ಮೂರೂ ಯತ್ನಗಳಲ್ಲಿ ಫೌಲ್ ಮಾಡಿ ಸ್ಪರ್ಧೆಯಿಂದ ಹೊರನಡೆದ. ಮುಂದಿನ ತಿಂಗಳೇ 9126 ಗಳಿಸಿದ, ಅದೂ ಅದೇ ಟಾಲೆನ್ಸ್‌ನಲ್ಲಿ. ಎರಡೂ ಸಲ ಸೊನ್ನೆ ತಂದುಕೊಂಡವನು ಆ ಹೊತ್ತಿಗೆ ಲೋಕದಲ್ಲೇ ಮೇಲಾದ ಡೆಕಾಥ್ಲಾನ್ ಪಟು. ಎರಡೂ ಸಲ ಅವನಿಗೆ ಚೆನ್ನಾಗಿ ಬರುತ್ತಿದ್ದ ಸ್ಪರ್ಧೆಯಲ್ಲೇ ಸೊನ್ನೆ ಬಂತು.

ಆದ್ದರಿಂದ ಟಿವಿಯಲ್ಲಿ ಡೆಕಾಥ್ಲಾನ್ ನೋಡುವಾಗ ಉದ್ದ ಜಿಗಿತದಲ್ಲಿ ಎರಡು ಫೌಲ್ ಮಾಡಿಕೊಂಡವನ ಮೂರನೇ ಓಟವನ್ನು ಗಮನಿಸಿ. ಅನುಭವಿಯಾದರೆ ಓಟ ಶುರು ಮಾಡುವ ಗುರುತನ್ನು ಹಿಂದಕ್ಕೆ ಸರಿಸಿಕೊಂಡು ಹಲಗೆಗಿಂತ ಒಂದು ಅಡಿ ಮುಂಚೆಯೇ ಜಿಗಿಯುತ್ತಾನೆ. ಕಾಮೆಂಟರಿಯವರು ಅದನ್ನು ಸಪ್ಪೆ ಜಿಗಿತ ಎಂದು ಕರೆಯಬಹುದು. 7.37 ಜಿಗಿಯಬಲ್ಲವನು ಹೀಗೆ 30 ಸೆಂಟಿಮೀಟರ್ ಬಿಟ್ಟುಕೊಟ್ಟು 7.07ಕ್ಕೆ ಇಳಿದರೆ ಅವನ 903 ಅಂಕ 830 ಆಗುತ್ತದೆ. ಹೋದದ್ದು 73. ಗುಂಡು ಎಸೆತದಲ್ಲಿ ಒಂದೂಕಾಲು ಮೀಟರ್ ಹೆಚ್ಚು ಎಸೆದರೆ, ಅಥವಾ 1500 ಮೀಟರನ್ನು ಹನ್ನೆರಡು ಸೆಕೆಂಡ್ ಬೇಗ ಮುಗಿಸಿದರೆ ಆ 73 ವಾಪಸು ಬರುತ್ತದೆ.